ಒಂಬತ್ತು ಪಟ್ಟು ಮಾಲು, ಮೂರು ಪಟ್ಟು ಅಗಲ

ದಾವಣಗೆರೆಯ ಮೆಕ್ಕೆಜೋಳದ ಒಂದು ದಿನದ ವಹಿವಾಟನ್ನು ಒಂದೇ ಚಿತ್ರದಲ್ಲಿ ತೋರಿಸಿ ಎಂದು ಯಾರಾದರೂ ಕೇಳಿದರೆ ನಾನು ಹಾಕುವುದು ಬಬಲ್ ಚಾರ್ಟ್. ಅಡ್ಡ ಅಕ್ಷದಲ್ಲಿ ಕಾಳಿನ ತೇವಾಂಶ, ಲಂಬ ಅಕ್ಷದಲ್ಲಿ ಕ್ವಿಂಟಲ್ ದರ. ತೇವ ಹೆಚ್ಚಿದಂತೆ ದರ ಇಳಿಯುವುದು ಅಷ್ಟಕ್ಕೇ ಕಾಣುತ್ತದೆ. ಆದರೆ ಯಾವ ದರಕ್ಕೆ ಎಷ್ಟು ಮಾಲು ಹೋಯಿತು ಎಂಬುದು ಬರಿಯ ಚುಕ್ಕೆಗಳಲ್ಲಿ ಕಾಣುವುದಿಲ್ಲ. ಅದಕ್ಕಾಗಿ ಪ್ರತಿ ಚುಕ್ಕೆಯನ್ನೂ ಆವಕಕ್ಕೆ ತಕ್ಕಂತೆ ಊದಿಸಿ ಗುಳ್ಳೆ ಮಾಡುತ್ತೇವೆ. ಎಡವಟ್ಟು ಆಗುವುದು ಈ ಊದಿಸುವುದರಲ್ಲೇ.

ಉದಾಹರಣೆಗೆ ಮೂರು ದಲಾಲಿ ಮಂಡಿಗಳಿಗೆ 100, 400 ಮತ್ತು 900 ಕ್ವಿಂಟಲ್ ಬಂದಿದೆ ಎಂದಿಟ್ಟುಕೊಳ್ಳಿ. ತ್ರಿಜ್ಯವನ್ನೇ ಕ್ವಿಂಟಲ್‌ಗೆ ಕಟ್ಟಿದರೆ ದೊಡ್ಡ ಗುಳ್ಳೆಯ ತ್ರಿಜ್ಯ ಚಿಕ್ಕದರ ಒಂಬತ್ತು ಪಟ್ಟಾಗುತ್ತದೆ. ವಿಸ್ತೀರ್ಣ ಏರುವುದು ತ್ರಿಜ್ಯದ ವರ್ಗಕ್ಕೆ ತಕ್ಕಂತೆ. ಹಾಗಾಗಿ ಕಾಗದದ ಮೇಲೆ ಬಣ್ಣ ಬಳಿದ ಜಾಗ 81 ಪಟ್ಟು. ಮೂರನೆಯ ಮಂಡಿ ಇಡೀ ಮಾರುಕಟ್ಟೆಯನ್ನೇ ನುಂಗಿದಂತೆ ಕಾಣುತ್ತದೆ, ಮೊದಲನೆಯ ಮಂಡಿ ಲೆಕ್ಕಕ್ಕೇ ಇಲ್ಲದಂತಾಗುತ್ತದೆ. ಸರಿಯಾದ ದಾರಿ ಎಂದರೆ ತ್ರಿಜ್ಯಕ್ಕೆ ಕ್ವಿಂಟಲ್‌ನ ವರ್ಗಮೂಲವನ್ನು ಕೊಡುವುದು. 100, 400, 900ರ ವರ್ಗಮೂಲ 10, 20, 30. ತ್ರಿಜ್ಯಗಳು 1, 2, 3ರ ಪ್ರಮಾಣದಲ್ಲಿರುತ್ತವೆ, ವಿಸ್ತೀರ್ಣಗಳು 1, 4, 9ರಲ್ಲಿ. ಮಾಲಿನ ಪ್ರಮಾಣವೂ ಅದೇ.

ಎಕ್ಸೆಲ್ ಇದನ್ನು ತಾನಾಗಿಯೇ ಸರಿಯಾಗಿ ಮಾಡುತ್ತದೆ. Format Data Series ತೆರೆದರೆ Size represents ಎಂಬಲ್ಲಿ Area of bubbles ಮೊದಲೇ ಆಯ್ಕೆಯಾಗಿರುತ್ತದೆ. ಕೆಡಿಸುವವರು ನಾವೇ. ವ್ಯತ್ಯಾಸ ಎದ್ದು ಕಾಣುತ್ತಿಲ್ಲವಲ್ಲ ಎಂದು ಕೆಳಗಿನ Width of bubbles ಒತ್ತಿಬಿಡುತ್ತೇವೆ. ಪೈಥಾನ್‌ನ matplotlib ಬಳಸುವವರಿಗೂ ಒಂದು ಮಾತು: ಅಲ್ಲಿನ scatter ಕೇಳುವ `s` ವಿಸ್ತೀರ್ಣಕ್ಕೆ ಸಂಬಂಧಿಸಿದ್ದು, ತ್ರಿಜ್ಯಕ್ಕಲ್ಲ. ಅದಕ್ಕೆ ಕ್ವಿಂಟಲ್ ಅನ್ನು ಬೇಕಾದ ಸ್ಥಿರಾಂಕದಿಂದ ಗುಣಿಸಿ ನೇರವಾಗಿ ಕೊಡಿ. ವರ್ಗಮೂಲ ತೆಗೆದು ಕೊಟ್ಟರೆ ಒಂಬತ್ತು ಪಟ್ಟಿನ ಮಾಲು ಬರೀ ಮೂರು ಪಟ್ಟಾಗಿ ಕುಗ್ಗುತ್ತದೆ.

ಬೇರೆಯವರು ಮಾಡಿದ ಚಾರ್ಟ್ ಕೈಗೆ ಬಂದಾಗ ನಾನು ಮುದ್ರಿಸಿ ಅಡಿಪಟ್ಟಿ ಇಟ್ಟು ನೋಡುತ್ತೇನೆ. 900 ಕ್ವಿಂಟಲ್‌ನ ಗುಳ್ಳೆ 24 ಮಿ.ಮೀ. ಅಗಲವಿದ್ದರೆ 100ರದ್ದು 8 ಮಿ.ಮೀ. ಇರಬೇಕು. ಮೂರು ಮಿ.ಮೀ.ಗಿಂತಲೂ ಕಡಿಮೆ ಬಂದರೆ ತ್ರಿಜ್ಯಕ್ಕೆ ಕಟ್ಟಿದ್ದಾರೆಂದು ಗೊತ್ತಾಯಿತು.

ವಿಸ್ತೀರ್ಣ ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ದೊಡ್ಡ ವೃತ್ತವನ್ನು ನಮ್ಮ ಕಣ್ಣು ಅದರ ನಿಜವಾದ ಅಳತೆಗಿಂತ ಚಿಕ್ಕದೆಂದೇ ಅಂದಾಜಿಸುತ್ತದೆ. ನಕ್ಷೆ ತಜ್ಞ ಫ್ಲಾನರಿ ಇದಕ್ಕೆಂದೇ 1971ರಲ್ಲಿ ವರ್ಗಮೂಲದ 0.5ರ ಘಾತಕ್ಕೆ ಬದಲಾಗಿ ಸುಮಾರು 0.57 ಬಳಸುವ ತಿದ್ದುಪಡಿಯನ್ನು ಸೂಚಿಸಿದರು. ನಾನು ಅದನ್ನು ಬಳಸುವುದಿಲ್ಲ. ಕಣ್ಣಿನ ತಪ್ಪನ್ನು ಸರಿದೂಗಿಸಲು ಚಿತ್ರವನ್ನೇ ತಿರುಚಿದರೆ ಅಡಿಪಟ್ಟಿ ಇಟ್ಟು ಅಳೆಯುವವನಿಗೆ ಲೆಕ್ಕ ತಾಳೆಯಾಗುವುದಿಲ್ಲ. ಬದಲಿಗೆ ಓದುಗ ಹೋಲಿಸಿ ನೋಡಲು ಒಳ್ಳೆಯ ಗಾತ್ರಸೂಚಿ ಕೊಡುತ್ತೇನೆ.

ಎಕ್ಸೆಲ್ ಗಾತ್ರಸೂಚಿಯನ್ನು ತಾನಾಗಿ ಕೊಡುವುದಿಲ್ಲ. ಅದರ Legend ತೋರಿಸುವುದು ಬಣ್ಣ ಮತ್ತು ಹೆಸರನ್ನಷ್ಟೇ. ಹಲವರು Shapes ಪಟ್ಟಿಯಿಂದ ಕೈಯಾರೆ ವೃತ್ತ ಬರೆದು ಪಕ್ಕದಲ್ಲಿ ಅಂಟಿಸುತ್ತಾರೆ. ಆಮೇಲೆ ಮಾಲಿನ ಅಂಕಿ ಬದಲಾದರೆ ಗುಳ್ಳೆಗಳೆಲ್ಲ ಬದಲಾಗುತ್ತವೆ, ಅಂಟಿಸಿದ ವೃತ್ತ ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಸೂಚಿಯನ್ನೂ ದತ್ತಾಂಶವಾಗಿಯೇ ಸೇರಿಸಿ. ಅದೇ ಚಾರ್ಟ್‌ಗೆ ಇನ್ನೊಂದು ಸರಣಿ ಕೂಡಿಸಿ, ಗುಳ್ಳೆಗಳಿಲ್ಲದ ಮೂಲೆಯ ತೇವಾಂಶ ಮತ್ತು ದರವನ್ನು ಅದರ ಸ್ಥಾನವಾಗಿ ಕೊಡಿ. ಗಾತ್ರದ ಕಾಲಂನಲ್ಲಿ 100, 400, 900 ಎಂದು ಬರೆಯಿರಿ. ಬಣ್ಣ ತೆಗೆದು ಅಂಚಿನ ಗೆರೆಯನ್ನಷ್ಟೇ ಬಿಡಿ, ಇಲ್ಲದಿದ್ದರೆ ಓದುಗರು ಅವನ್ನೂ ಮಂಡಿಗಳೆಂದು ತಿಳಿದಾರು. ಪಕ್ಕದಲ್ಲಿ ಅಂಕಿಯ ಜೊತೆ ‘ಕ್ವಿಂಟಲ್’ ಎಂಬ ಪದ ಇರಲೇಬೇಕು, ಏಕೆಂದರೆ ಚೀಲದ ಲೆಕ್ಕದಲ್ಲಿ ಯೋಚಿಸುವವರು ಅದನ್ನು ಚೀಲವೆಂದೇ ಓದುತ್ತಾರೆ.

ಇನ್ನೊಂದು ಸಂಗತಿ ಸುಲಭವಾಗಿ ಕಣ್ಣು ತಪ್ಪುತ್ತದೆ. ಎಕ್ಸೆಲ್ ಪ್ರತಿ ಚಾರ್ಟ್‌ನಲ್ಲೂ ಅತಿ ದೊಡ್ಡ ಗುಳ್ಳೆಯನ್ನು ಅಳತೆಗೋಲಾಗಿಟ್ಟುಕೊಂಡು ಉಳಿದವನ್ನು ಬರೆಯುತ್ತದೆ. ಅಕ್ಟೋಬರ್‌ನ ಚಾರ್ಟ್‌ನಲ್ಲಿ 900 ಕ್ವಿಂಟಲ್ ಅತಿ ದೊಡ್ಡದು, ಮಾರ್ಚ್‌ನದರಲ್ಲಿ 200 ಎಂದುಕೊಳ್ಳೋಣ. ಎರಡೂ ಗುಳ್ಳೆಗಳು ಒಂದೇ ಅಗಲಕ್ಕೆ ಬರುತ್ತವೆ, ಆವಕ ಕುಸಿದಿದ್ದು ಕಾಣುವುದೇ ಇಲ್ಲ. ಎರಡು ತಿಂಗಳನ್ನು ಅಕ್ಕಪಕ್ಕ ಇಡುವುದಾದರೆ ಎರಡರ ಸೂಚಿಯಲ್ಲೂ 1,000 ಕ್ವಿಂಟಲ್‌ನ ಒಂದು ಖಾಲಿ ವೃತ್ತ ಇರಲಿ. ಯಾವ ಮಂಡಿಯ ಮಾಲೂ ಅದನ್ನು ಮೀರದ ಕಾರಣ ಎರಡೂ ಕಡೆ ಅದೇ ಅಳತೆಗೋಲಾಗುತ್ತದೆ. ಬಬಲ್ ಸ್ಕೇಲ್‌ನ ಅಂಕಿ ಮತ್ತು ಚಾರ್ಟ್‌ಗಳ ಉದ್ದಗಲವನ್ನೂ ಒಂದೇ ಆಗಿರಿಸಿ. ವರದಿಗೆ ಅಂಟಿಸಿದ ಮೇಲೆ ಎರಡೂ ಕಡೆಯ 1,000ದ ವೃತ್ತವನ್ನು ಅಳೆದು ನೋಡಿದರೆ, ನಡುವೆ ಯಾರಾದರೂ ಚಿತ್ರವನ್ನು ಎಳೆದು ಹಿಗ್ಗಿಸಿದ್ದಾರೆಯೇ ಎಂಬುದೂ ತಿಳಿಯುತ್ತದೆ.