ಒದ್ದೆ ಬಟ್ಟೆಯ ಲೆಕ್ಕ: ನಂಜನಗೂಡಿನಲ್ಲಿ ಗಿರಾಕಿ ಹುಡುಕಿದ ಟಿಪ್ಪಣಿ

ಉದ್ಯಮಶೀಲತೆಯ ಪಾಠಕ್ಕೆ ಹತ್ತಿರದ ಯಾವುದಾದರೂ ಜನಸಂದಣಿಯಲ್ಲಿ ಒಂದು ಅವಕಾಶ ಗುರುತಿಸಬೇಕಿತ್ತು. ಮೈಸೂರಿನಿಂದ ಅರ್ಧ ಗಂಟೆಯ ಮೇಲೊಂದಿಷ್ಟು ಪ್ರಯಾಣವಾದ್ದರಿಂದ ನಂಜನಗೂಡನ್ನೇ ಆರಿಸಿಕೊಂಡೆ. ಸೋಮವಾರ ಮತ್ತು ಹುಣ್ಣಿಮೆ ಶ್ರೀಕಂಠೇಶ್ವರನ ದಿನಗಳು. ಕಪಿಲೆಯಲ್ಲಿ ಮಿಂದು, ಕೆಲವರು ಮುಡಿ ಕೊಟ್ಟು, ದರ್ಶನಕ್ಕೆ ಹೋಗುತ್ತಾರೆ.

ಏನನ್ನು ನೋಡಬೇಕು ಎಂಬುದು ಕಷ್ಟವಾಗಲಿಲ್ಲ. ಜನ ತಾವೇ ಹೂಡಿಕೊಂಡ ಅರೆಬರೆ ಉಪಾಯ ಎಲ್ಲಿ ಕಾಣುತ್ತದೆಯೋ ಅಲ್ಲಿ ನಿಂತೆ. ಸ್ನಾನಘಟ್ಟದ ಮೆಟ್ಟಿಲಲ್ಲಿ ಅದು ಕಣ್ಣಿಗೆ ರಾಚುತ್ತಿತ್ತು: ಹಿಂಡಿದ ಪಂಚೆಯನ್ನು ಹೆಗಲಿಗೆ ಹಾಕಿಕೊಂಡವರು, ಒದ್ದೆ ಸೀರೆಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟವರು, ನೀರು ಸೋರುವ ಗಂಟನ್ನು ಮಗುವಿನ ಕೈಗೆ ಕೊಟ್ಟವರು. ಪ್ಲಾಸ್ಟಿಕ್ ಕೈಚೀಲ ರಾಜ್ಯದಲ್ಲಿ 2016ರಿಂದ ನಿಷೇಧವಾಗಿದೆ. ಹಾಗಾಗಿ ಒಳಗೆ ನೀರು ಸೋರದ ಪದರವಿರುವ, ತೊಳೆದು ಮತ್ತೆ ಬಳಸಬಹುದಾದ ಬಟ್ಟೆಚೀಲ ಮಾರಿದರೆ ಹೇಗೆ ಎಂದುಕೊಂಡೆ.

ಇಲ್ಲಿಂದ ಮುಂದೆ ಎಡವಿದೆ. ಸೋಮವಾರ ಬೆಳಿಗ್ಗೆ ಒಂದು ಗಂಟೆಯಲ್ಲಿ ಘಟ್ಟಕ್ಕೆ ಇಳಿದವರನ್ನು ಎಣಿಸಿ, ಸ್ನಾನದ ನಾಲ್ಕು ಗಂಟೆಗಳಿಂದಲೂ 365ರಿಂದಲೂ ಗುಣಿಸಿದೆ. ಲೆಕ್ಕ ಸುಲಭವಾಗಲೆಂದು ಗಂಟೆಗೆ 120 ಜನ ಎಂದು ಹಿಡಿಯಿರಿ. 120 × 4 × 365 ಎಂದರೆ 1,75,200. ನೂರರಲ್ಲಿ ಐವರು ಕೊಂಡರೂ ಸಾಕು ಎಂದು ಲಾಭ ಬರೆದೂ ಬಿಟ್ಟಿದ್ದೆ. ಆ ಐವರು ಯಾರು ಎಂದು ಉಪನ್ಯಾಸಕರು ಕೇಳಿದಾಗ ಬಾಯಿ ಕಟ್ಟಿತು.

ಅದನ್ನು ಸರಿಪಡಿಸಿಕೊಂಡ ಬಗೆ ಹೀಗೆ. ಚೀಲ ತಲೆಗೊಂದಲ್ಲ, ಕುಟುಂಬಕ್ಕೊಂದು. ನಾಲ್ವರ ಗುಂಪೆಂದರೆ 120 ಜನ 30 ಕುಟುಂಬಗಳಾಗುತ್ತಾರೆ. ಮುಂದಿನ ಹೆಜ್ಜೆಯನ್ನು ನಾನು ಪೂರ್ತಿ ಮರೆತಿದ್ದೆ: ಅವರು ಬಂದದ್ದು ಯಾವುದರಲ್ಲಿ? ಕಾರಿನಲ್ಲಿ ಬಂದವರು ಒದ್ದೆ ಬಟ್ಟೆಯನ್ನು ಡಿಕ್ಕಿಗೆ ಎಸೆದು ದರ್ಶನಕ್ಕೆ ನಡೆಯುತ್ತಾರೆ, ಅವರಿಗೆ ಆ ತೊಂದರೆಯೇ ಇಲ್ಲ. ಬಸ್ಸಿನಲ್ಲಿ ಅಥವಾ ರೈಲಿನಲ್ಲಿ ಬಂದವರು ಅದೇ ಗಂಟನ್ನು ಸರತಿ ಸಾಲಿನಲ್ಲಿ, ಊಟದ ಜಾಗದಲ್ಲಿ, ಮತ್ತೆ ಬಸ್ಸಿನಲ್ಲಿ ತೊಡೆಯ ಮೇಲೆ ಹೊರಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗಿನಿಂದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ. ಆದ್ದರಿಂದ ಬಸ್ಸಿನಿಂದ ಇಳಿಯುವ ಮಹಿಳೆಯರ ಗುಂಪುಗಳನ್ನು ಬೇರೆಯಾಗಿಯೇ ಗಮನಿಸಬೇಕು. ಎಲ್ಲರನ್ನೂ ಕೇಳುತ್ತಾ ಕೂರಬೇಕಿಲ್ಲ. ಕೈಯಲ್ಲಿ ಕಾರಿನ ಕೀಲಿ ಇಲ್ಲದೆ, ಎಲ್ಲ ಸಾಮಾನನ್ನೂ ಮೆಟ್ಟಿಲ ಮೇಲೆ ಗುಡ್ಡೆ ಹಾಕಿ ಒಬ್ಬರನ್ನು ಕಾವಲಿಗೆ ಕೂರಿಸಿದ್ದರೆ, ಆ ಕುಟುಂಬ ಹೆಚ್ಚಾಗಿ ಬಸ್ಸಿನದೇ.

30ರಲ್ಲಿ ಅಂಥವು 12 ಎನ್ನಿ. ಅವುಗಳಲ್ಲಿ ಆರು ಕುಟುಂಬಗಳು ಮನೆಯಿಂದಲೇ ಬಕೆಟ್ ಅಥವಾ ದಪ್ಪ ಚೀಲ ತಂದಿರುತ್ತವೆ, ಪ್ರತಿ ವರ್ಷ ಬರುವವರು ಹೀಗೆಯೇ. ಉಳಿದ ಆರು ಕುಟುಂಬಗಳನ್ನು "ಇಂಥ ಚೀಲ ಸಿಕ್ಕರೆ ಕೊಳ್ಳುತ್ತೀರಾ ಅಮ್ಮಾ?" ಎಂದು ಕೇಳಬಾರದು. ಎಲ್ಲರೂ ಹೌದೆನ್ನುತ್ತಾರೆ, ಮುಖ ನೋಡಿ ಇಲ್ಲವೆನ್ನಲು ಅವರಿಗೆ ಸಂಕೋಚ. "ಹೋದ ಸಲ ಒದ್ದೆ ಬಟ್ಟೆಯನ್ನು ಹೇಗೆ ಒಯ್ದಿರಿ?" ಎಂದು ಕೇಳಿ, ಆಮೇಲೆ ಚೀಲವನ್ನೂ ಬೆಲೆಯನ್ನೂ ಮುಂದಿಡಬೇಕು. ಇಬ್ಬರು ಹಣ ತೆಗೆದರೆ ಗಂಟೆಗೆ ಎರಡು ಚೀಲ, ಬೆಳಗಿನ ಸ್ನಾನದ ನಾಲ್ಕು ಗಂಟೆಗಳಲ್ಲಿ ಎಂಟು.

ಇನ್ನು ದಿನಗಳು. ಸೋಮವಾರಗಳು 52, ಹುಣ್ಣಿಮೆಗಳು 12, ಒಟ್ಟು 64. ಎರಡೂ ಒಂದೇ ದಿನ ಬೀಳುವುದುಂಟು. ಮಳೆಗಾಲದಲ್ಲಿ ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಸ್ನಾನಘಟ್ಟವೇ ಮುಳುಗುತ್ತದೆ. 55 ದಿನ ಹಿಡಿದರೆ 440 ಚೀಲ. ಉಳಿದ ಸುಮಾರು 300 ದಿನ ದಿನಕ್ಕೊಂದರಂತೆ 300. ಒಟ್ಟು 740. ಚೀಲಕ್ಕೆ 25 ರೂಪಾಯಿ ಉಳಿದರೆ ವರ್ಷಕ್ಕೆ 18,500 ರೂಪಾಯಿ. ದೊಡ್ಡ ಜಾತ್ರೆಯನ್ನು ಬೇಕೆಂದೇ ಸೇರಿಸಿಲ್ಲ. ಐದು ತೇರುಗಳ ಆ ದಿನದ ಜನಸಾಗರವನ್ನು ಸರಾಸರಿಗೆ ಎಳೆದರೆ ಮತ್ತೆ ಹಳೆಯ ತಪ್ಪೇ ಆಗುತ್ತದೆ.

ಈ ಮೊತ್ತಕ್ಕೆ ಬೇರೆ ಅಂಗಡಿ ಹಾಕಲಾಗದು. ದೇವಸ್ಥಾನ ಮುಜರಾಯಿ ಇಲಾಖೆಯದು. ಅದರ ಜಾಗದಲ್ಲಿ ಅನುಮತಿಯಿಲ್ಲದೆ ಮಾರುವಂತಿಲ್ಲ, ಬಾಡಿಗೆಯೊಂದೇ ಲಾಭವನ್ನೆಲ್ಲ ನುಂಗೀತು. ಚೀಲಗಳನ್ನು ಈಗಾಗಲೇ ಹಣ್ಣುಕಾಯಿ ಮಾರುವವರ ಅಂಗಡಿಯಲ್ಲಿ ನೇತುಹಾಕಿಸಿ, ಮಾರಾಟವಾದಷ್ಟಕ್ಕೆ ಮಾತ್ರ ಪಾಲು ಕೊಡುವುದು ಉಳಿದ ದಾರಿ. ಅದರಲ್ಲೂ ಒಂದು ತೊಡಕಿದೆ. ಹಣ್ಣುಕಾಯಿ ಕೊಳ್ಳುವುದು ಸ್ನಾನದ ಮೇಲೆ, ದೇವಸ್ಥಾನದ ಬಳಿ. ಚೀಲ ಬೇಕಾಗುವುದು ಅದಕ್ಕೂ ಮೊದಲು, ಮೆಟ್ಟಿಲಲ್ಲಿ. ಬಟ್ಟೆ ಹಿಂಡಿದವರು ಮೊದಲು ಎದುರಾಗುವ ಅಂಗಡಿ ಯಾವುದು ಎಂದು ನೋಡಲು ಮುಂದಿನ ಸೋಮವಾರ ಘಟ್ಟದಿಂದ ಅವರ ಹಿಂದೆಯೇ ನಡೆಯಬೇಕಾಗಿದೆ.