‘ಖಂಡಿತ ಬಂದಿರ್ತಾನೆ’ ಅಂದರೆ ನೋಡಿಲ್ಲ ಅಂತ

ಮಗ ಶಾಲೆಯಿಂದ ಬಂದನಾ ಎಂದು ಮನೆಗೆ ಫೋನ್ ಮಾಡಿ ಕೇಳುತ್ತೀರಿ. ‘ಬಂದಿದ್ದಾನೆ’ ಎಂದರೆ ಫೋನ್ ಇಟ್ಟು ಕೆಲಸ ನೋಡಿಕೊಳ್ಳುತ್ತೀರಿ. ‘ಖಂಡಿತ ಬಂದಿರ್ತಾನೆ’ ಎಂದರೆ ಮಾತ್ರ ಎದೆ ಡವಗುಟ್ಟಲು ಶುರು. ಒಂದು ಪದ ಹೆಚ್ಚಾಯಿತು, ಅದೂ ಗಟ್ಟಿ ಪದ; ಆದರೂ ಭರವಸೆ ಕಡಿಮೆಯಾಯಿತು.

ಕೇಳುವವರ ತಲೆಯೊಳಗೆ ಇಲ್ಲೊಂದು ಸಣ್ಣ ಲೆಕ್ಕ ನಡೆಯುತ್ತದೆ. ಕಣ್ಣಾರೆ ನೋಡಿದವರು ‘ಬಂದಿದ್ದಾನೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಇವರು ‘ಖಂಡಿತ’ವನ್ನು ಎಳೆದು ತಂದಿದ್ದಾರೆ ಎಂದರೆ ನೋಡಿಲ್ಲ, ಊಹಿಸುತ್ತಿದ್ದಾರೆ. ‘ಮಳೆ ಬರ್ತಿದೆ’ ಎನ್ನುವವರು ಕಿಟಕಿಯ ಪಕ್ಕ ಇದ್ದಾರೆ. ‘ಮಳೆ ಬರ್ತಿರಲೇಬೇಕು’ ಎನ್ನುವವರು ಒಳಗೆ ಕೂತು ಯಾರದೋ ಒದ್ದೆ ಕೊಡೆ ನೋಡಿದ್ದಾರೆ. ಇಂಗ್ಲಿಷಿನ ‘ಮಸ್ಟ್’ ಕೂಡ ಹೀಗೇ, ಬರಿಯ ಹೇಳಿಕೆಗಿಂತ ದುರ್ಬಲ ಎಂದು ಭಾಷಾವಿಜ್ಞಾನಿ ಲೌರಿ ಕಾರ್ಟುನೆನ್ 1972ರಲ್ಲೇ ತೋರಿಸಿದ್ದರು. ನೆಟ್ಟಗಿರುವ ಗೋಡೆಗೆ ಯಾರೂ ಊರುಗೋಲು ಕೊಡುವುದಿಲ್ಲ. ಹಾಲು ಚೆನ್ನಾಗಿದ್ದರೆ ‘ಒಡೆದಿಲ್ಲ, ಕುಡಿಯಿರಿ’ ಎಂದು ಹೇಳಿ ಲೋಟ ಕೊಡುವುದೂ ಇಲ್ಲ.

ವಾದದಲ್ಲಿ ಈ ಪದಗಳು ಕೂರುವ ಜಾಗವನ್ನು ಗಮನಿಸಿ. ನಮ್ಮ ನ್ಯಾಯಶಾಸ್ತ್ರ ವಾದಕ್ಕೆ ಐದು ಅಂಗ ಹೇಳುತ್ತದೆ. ‘ಬೆಟ್ಟದಲ್ಲಿ ಬೆಂಕಿಯಿದೆ’ ಎಂಬುದು ಪ್ರತಿಜ್ಞೆ. ‘ಏಕೆಂದರೆ ಹೊಗೆಯಿದೆ’ ಎಂಬುದು ಹೇತು. ‘ಹೊಗೆಯಿದ್ದಲ್ಲಿ ಬೆಂಕಿ, ಅಡುಗೆಮನೆಯಲ್ಲಿದ್ದಂತೆ’ ಎಂಬುದು ಉದಾಹರಣೆ. ಉಳಿದ ಎರಡು ಇದನ್ನು ಬೆಟ್ಟಕ್ಕೆ ಅನ್ವಯಿಸಿ ಮುಗಿಸುತ್ತವೆ. ‘ಬೆಟ್ಟದಲ್ಲಿ ನಿಸ್ಸಂದೇಹವಾಗಿ ಬೆಂಕಿಯಿದೆ’ ಎಂದಾಗ ಪ್ರತಿಜ್ಞೆಯ ದನಿ ಏರಿತು, ಹೇತು ಕಾಣೆಯಾಯಿತು.

ಈ ಚಾಳಿ ಎದುರಾಳಿಗಳಿಗೆ ಮಾತ್ರ ಅಂಟಿದ್ದಲ್ಲ, ವಿಜ್ಞಾನ ಬರೆಯುವ ನಮ್ಮಂಥವರಿಗೂ ಇದೆ. ‘ಗ್ರಹಣದಲ್ಲಿ ಅನ್ನ ಕೆಡುತ್ತದೆ ಎಂಬುದು ಸ್ಪಷ್ಟವಾಗಿ ಮೂಢನಂಬಿಕೆ’ ಎಂಬ ವಾಕ್ಯ ತೆಗೆದುಕೊಳ್ಳಿ. ‘ಸ್ಪಷ್ಟವಾಗಿ’ಯನ್ನು ಹೊಡೆದುಹಾಕಿ, ಆ ಜಾಗದಲ್ಲಿ ‘ಏಕೆಂದರೆ’ ಬರೆದು ನೋಡಿ. ಏಕೆಂದರೆ, ಸೂರ್ಯಗ್ರಹಣದಲ್ಲಿ ಆಗುವುದು ಚಂದ್ರನ ನೆರಳು ಬೀಳುವುದಷ್ಟೇ. ಹೊಸ ಕಿರಣವೇನೂ ಹುಟ್ಟುವುದಿಲ್ಲ. ಪೂರ್ಣಗ್ರಹಣದ ಕತ್ತಲು ಒಂದು ಊರಿನಲ್ಲಿ ಹೆಚ್ಚೆಂದರೆ ಏಳೂವರೆ ನಿಮಿಷ, ರಾತ್ರಿಯ ಕತ್ತಲಾದರೋ ಸುಮಾರು ಹತ್ತು ಗಂಟೆ. ಇಷ್ಟರವರೆಗೆ ಸರಾಗ.

ಆಮೇಲೆ ಪೆನ್ನು ತಡೆಯುತ್ತದೆ. ಹಿಡಿದಲ್ಲಿಂದ ಬಿಡುವವರೆಗೆ ಗ್ರಹಣ ಮೂರು ಗಂಟೆಯೂ ಹಿಡಿಯಬಹುದು, ಅದಕ್ಕೆ ಮೊದಲೇ ಮಾಡಿಟ್ಟ ಅನ್ನ ಇನ್ನೂ ಹಳೆಯದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಉಳಿದು, ಬೆಚ್ಚಗಿನ ಅನ್ನದಲ್ಲಿ ಬೆಳೆದು ವಾಂತಿ ತರಿಸುವ ವಿಷವನ್ನು ಬಿಡಬಲ್ಲವು. ಅಂದರೆ ಗ್ರಹಣದ ದಿನ ಯಾರದೋ ಮನೆಯ ಅನ್ನ ನಿಜವಾಗಿಯೂ ಕೆಟ್ಟಿರಬಹುದು! ಕೆಡಿಸಿದ್ದು ಗಂಟೆಗಳು ಮತ್ತು ಬಿಸಿಲಕಾಲದ ಸೆಕೆ, ರಾಹುವಲ್ಲ. ಈ ಬಿರುಕು ‘ಸ್ಪಷ್ಟವಾಗಿ’ಯ ಕೆಳಗೆ ಅಡಗಿ ಕೂತಿತ್ತು. ಅನ್ನ ಕೆಟ್ಟದ್ದನ್ನು ಕಂಡಿದ್ದ ಅಜ್ಜಿಗೆ ನಮ್ಮ ಮೊದಲ ವಾಕ್ಯ ಬರೀ ಜಂಬವಾಗಿ ಕೇಳಿಸಿದ್ದರೆ ತಪ್ಪು ಅಜ್ಜಿಯದಲ್ಲ. ಆಕೆಗೆ ಕೊಡಬೇಕಾದದ್ದು ಒಂದು ಪರೀಕ್ಷೆ: ಗ್ರಹಣದ ದಿನ ಒಂದು ಬಟ್ಟಲು ಅನ್ನ, ಮಾರನೆಯ ದಿನ ಅದೇ ಅಕ್ಕಿಯದು, ಅದೇ ಹೊತ್ತಿಗೆ, ಅದೇ ಮೂಲೆಯಲ್ಲಿ, ಅಷ್ಟೇ ಗಂಟೆ ಇಟ್ಟದ್ದು. ಮೂಸಿ ನೋಡಿದರೆ ಸಾಕು, ತಿನ್ನುವುದು ಬೇಡ.

ಬಿರುಕು ಮುಚ್ಚುವ ಈ ಕೆಲಸದಲ್ಲಿ ದೊಡ್ಡವರೂ ಹಿಂದೆ ಬಿದ್ದಿಲ್ಲ. ಫ್ರಾನ್ಸಿನ ಲಾಪ್ಲಾಸ್ ಗ್ರಹಗಳ ಚಲನೆಯ ಕುರಿತು ಬರೆದ ಮಹಾಗ್ರಂಥವನ್ನು ಅಮೆರಿಕದ ನಥಾನಿಯಲ್ ಬೌಡಿಚ್ ಇಂಗ್ಲಿಷಿಗೆ ತಂದ. ಸಂಪುಟಗಳು 1829ರಿಂದ 1839ರವರೆಗೆ ಹೊರಬಂದವು. ‘ಹೀಗೆಂದು ಸ್ಪಷ್ಟವಾಗುತ್ತದೆ’ ಎಂದು ಲಾಪ್ಲಾಸ್ ಬರೆದಲ್ಲೆಲ್ಲ, ಅದು ಹೇಗೆ ಸ್ಪಷ್ಟವಾಗುತ್ತದೆಂದು ಕಂಡುಕೊಳ್ಳಲು ತನಗೆ ಗಂಟೆಗಟ್ಟಲೆ ದುಡಿಮೆ ಕಾದಿದೆ ಎಂದೇ ಬೌಡಿಚ್‌ಗೆ ಖಾತ್ರಿಯಾಗುತ್ತಿತ್ತಂತೆ. ಬಿಟ್ಟುಹೋದ ಮೆಟ್ಟಿಲುಗಳನ್ನು ಟಿಪ್ಪಣಿಯಾಗಿ ಸೇರಿಸುತ್ತ ಹೋದದ್ದಕ್ಕೆ ಅನುವಾದ ಮೂಲದ ಎರಡು ಪಟ್ಟಿಗಿಂತಲೂ ದಪ್ಪವಾಯಿತು. ಲಾಪ್ಲಾಸ್‌ಗೆ ಆ ಮೆಟ್ಟಿಲುಗಳು ಗೊತ್ತಿದ್ದವು ಎಂದಿಟ್ಟುಕೊಳ್ಳೋಣ. ಗೊತ್ತಿದ್ದೂ ಬಿಟ್ಟವರೂ ಗೊತ್ತಿಲ್ಲದೆ ಹಾರಿದವರೂ ಪುಟದ ಮೇಲೆ ಬರೆಯುವುದು ಒಂದೇ ಪದ, ತೊಡಕು ಅಲ್ಲೇ.

ಹಾಗಂತ ಎಲ್ಲೆಡೆ ಕತ್ತರಿ ಆಡಿಸಬೇಕಿಲ್ಲ. ಎದುರಿನವರು ‘ನಿಜವಾಗ್ಲೂ ಬರ್ತೀಯಾ?’ ಎಂದು ಅನುಮಾನಿಸಿದ ಮೇಲೆ ‘ಖಂಡಿತ’ ಎನ್ನುವುದು ಉತ್ತರ. ಅದು ಸಾಕ್ಷಿಯ ಜಾಗದಲ್ಲಿ ಕೂತಿಲ್ಲ, ಮಾತು ಕೊಡುತ್ತಿದೆ. ಆದರೆ ಮಾತು ಕೊಡುವ ‘ಖಂಡಿತ’ವೂ ಸವೆಯುತ್ತದೆ. ಹಬ್ಬಕ್ಕೆ ಮುಂಚೆ ಟೈಲರ್ ‘ನಾಳೆ ಖಂಡಿತ ಕೊಡ್ತೀನಿ ಮೇಡಂ’ ಎಂದಾಗ ಯಾರೂ ಹಿಂದಿರುಗುವುದಿಲ್ಲ. ‘ಕಟಿಂಗ್ ಆಗಿದೆಯಾ, ತೋರಿಸಿ’ ಎನ್ನುತ್ತಾರೆ.