ಆ್ಯಪ್ ತೆಗೆದರೆ ವಾಚ್‌ನ ಆರೋಗ್ಯ ಮಾಹಿತಿಯೂ ಅಳಿಯುತ್ತದೆಯೇ?

ಪ್ರಶ್ನೆ: ಒಂದೂವರೆ ವರ್ಷದಿಂದ ಗ್ಯಾಲಕ್ಸಿ ವಾಚ್ ಕಟ್ಟುತ್ತಿದ್ದೆ. ಈಗ ಅದನ್ನು ತಂಗಿಯ ಮಗನಿಗೆ ಕೊಡಬೇಕೆಂದು ಮೊಬೈಲ್‌ನಿಂದ ಸ್ಯಾಮ್‌ಸಂಗ್ ಹೆಲ್ತ್ ಆ್ಯಪ್ ತೆಗೆದುಹಾಕಿದೆ. ಮೊನ್ನೆ ಹೊಸ ಮೊಬೈಲ್‌ನಲ್ಲಿ ಅದೇ ಆ್ಯಪ್ ಹಾಕಿ ಲಾಗಿನ್ ಆದರೆ ಹಳೆಯ ನಿದ್ದೆ, ಹೃದಯ ಬಡಿತ, ತೂಕ ಎಲ್ಲವೂ ಇದ್ದ ಹಾಗೆಯೇ ಇವೆ! ನಡಿಗೆಗೆ ರಿಯಾಯಿತಿ ಕೊಡುವ ಆರೋಗ್ಯ ವಿಮೆಯ ಆ್ಯಪ್‌ಗೂ ಓಟ ದಾಖಲಿಸುವ ಸ್ಟ್ರಾವಾಕ್ಕೂ ಇದನ್ನು ಜೋಡಿಸಿದ್ದೆ. ಎಲ್ಲವನ್ನೂ ನಿಜವಾಗಿ ಅಳಿಸುವುದು ಹೇಗೆ?

ಉತ್ತರ: ಇಲ್ಲ, ಅಳಿಯುವುದಿಲ್ಲ. ಆ್ಯಪ್ ತೆಗೆದರೆ ಹೋಗುವುದು ಆ ಮೊಬೈಲ್‌ನಲ್ಲಿದ್ದ ಪ್ರತಿ ಮಾತ್ರ. ನಿಮ್ಮ ಆ್ಯಪ್‌ನಲ್ಲಿ ಸ್ಯಾಮ್‌ಸಂಗ್ ಖಾತೆಯೊಂದಿಗೆ ಸಿಂಕ್ ಆಗುವ ಆಯ್ಕೆ ಚಾಲೂ ಇತ್ತು, ಹಾಗಾಗಿ ಇನ್ನೊಂದು ಪ್ರತಿ ಕಂಪನಿಯ ಸರ್ವರ್‌ನಲ್ಲಿ ಉಳಿದಿತ್ತು. ಲಾಗಿನ್ ಆದಾಗ ಮರಳಿ ಬಂದದ್ದು ಅದೇ.

ನಿಮ್ಮ ವಿವರಣೆಯ ಪ್ರಕಾರ ಈ ಮಾಹಿತಿ ಕನಿಷ್ಠ ಐದು ಕಡೆ ಇರಬಹುದು: ವಾಚ್‌ನೊಳಗೆ, ಸ್ಯಾಮ್‌ಸಂಗ್ ಹೆಲ್ತ್‌ನಲ್ಲಿ (ಮೊಬೈಲ್ ಮತ್ತು ಸರ್ವರ್ ಸೇರಿ), ಆಂಡ್ರಾಯ್ಡ್‌ನ ಹೆಲ್ತ್ ಕನೆಕ್ಟ್‌ನಲ್ಲಿ, ವಿಮಾ ಕಂಪನಿಯಲ್ಲಿ, ಸ್ಟ್ರಾವಾದಲ್ಲಿ. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆ ತಾನಾಗಿ ಅಳಿಯುವುದಿಲ್ಲ. ಅಷ್ಟೇ ಅಲ್ಲ, ಸಂಪರ್ಕ ಕಡಿಯದೆ ಅಳಿಸಿದರೆ ಉಳಿದ ಕಡೆಯಿಂದ ಮತ್ತೆ ತುಂಬಿಕೊಳ್ಳಲೂಬಹುದು. ಆದ್ದರಿಂದ ಇಲ್ಲಿ ಯಾವ ಗುಂಡಿ ಒತ್ತಬೇಕು ಎನ್ನುವುದಕ್ಕಿಂತ ಯಾವುದನ್ನು ಮೊದಲು ಒತ್ತಬೇಕು ಎನ್ನುವುದು ಮುಖ್ಯ. ಮೊದಲು ಹರಿವನ್ನು ನಿಲ್ಲಿಸಬೇಕು, ಆಮೇಲೆ ಮೂಲದಲ್ಲಿ ಅಳಿಸಬೇಕು. ಆ್ಯಪ್ ತೆಗೆಯುವುದು ಕಟ್ಟಕಡೆಯ ಕೆಲಸ. ನೀವು ಕಡೆಯದನ್ನು ಮೊದಲು ಮಾಡಿದಿರಿ.

ಹೆಲ್ತ್ ಕನೆಕ್ಟ್‌ನಿಂದ ಆರಂಭಿಸೋಣ, ಏಕೆಂದರೆ ಇದು ತಮ್ಮ ಮೊಬೈಲ್‌ನಲ್ಲಿದೆ ಎಂಬುದೇ ಬಹಳ ಮಂದಿಗೆ ಗೊತ್ತಿರುವುದಿಲ್ಲ. ಒಂದು ಆ್ಯಪ್ ಬರೆದಿಟ್ಟ ಆರೋಗ್ಯ ಮಾಹಿತಿಯನ್ನು ಇನ್ನೊಂದು ಆ್ಯಪ್ ಓದಲು ಆಂಡ್ರಾಯ್ಡ್ ಮಾಡಿಕೊಟ್ಟಿರುವ ಸಾಮಾನ್ಯ ಉಗ್ರಾಣ ಇದು. ಆಂಡ್ರಾಯ್ಡ್ 14ರಿಂದ ವ್ಯವಸ್ಥೆಯ ಭಾಗವಾಗಿಯೇ ಬರುತ್ತದೆ. ಅದಕ್ಕಿಂತ ಹಳೆಯ ಮೊಬೈಲ್‌ಗಳಲ್ಲಿ ಪ್ಲೇ ಸ್ಟೋರ್‌ನಿಂದ ಹಾಕಿಕೊಳ್ಳುವ ಬೇರೆಯೇ ಆ್ಯಪ್. ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ Health Connect ಎಂದು ಬರೆದರೆ ಸಿಗುತ್ತದೆ. ಮೆನು ದಾರಿ ಒಂದೊಂದು ಕಂಪನಿಯ ಮೊಬೈಲ್‌ನಲ್ಲಿ ಒಂದೊಂದು ರೀತಿ ಇರುವುದರಿಂದ ಹುಡುಕುವುದೇ ಸುಲಭ.

ಅಲ್ಲಿ ಮೊದಲು ನೋಡಬೇಕಾದದ್ದು App permissions. ವಿಮಾ ಆ್ಯಪ್‌ನ ಹೆಸರು ಒತ್ತಿದರೆ ಎರಡು ಪಟ್ಟಿಗಳು ಕಾಣುತ್ತವೆ: ಅದು ಏನೇನು ಓದಬಹುದು, ಏನೇನು ಬರೆಯಬಹುದು. ಅನುಮತಿ ಕೇಳಿದ ದಿನ Allow all ಒತ್ತಿದ್ದರೆ, ಹೆಜ್ಜೆಗಳ ಜತೆಗೆ ಆ ಆ್ಯಪ್ ಕೇಳಿದ್ದ ಹೃದಯ ಬಡಿತ, ನಿದ್ದೆ, ತೂಕ ಎಲ್ಲವೂ ಓದುವ ಪಟ್ಟಿಯಲ್ಲಿ ಚಾಲೂ ಇರುತ್ತವೆ. ನಡಿಗೆಗೆ ರಿಯಾಯಿತಿ ಕೊಡುವ ಯೋಜನೆಗೆ ಬೇಕಾದದ್ದು ಹೆಜ್ಜೆಗಳ ಲೆಕ್ಕ. ನಿಮ್ಮ ನಿದ್ದೆ ರಾತ್ರಿ ಎಷ್ಟು ಸಲ ಮುರಿಯಿತು ಎನ್ನುವುದು ವಿಮಾ ಕಂಪನಿಗೆ ಏಕೆ ಬೇಕು ಎಂದು ನನಗಂತೂ ಅರ್ಥವಾಗಿಲ್ಲ. ವಾಚ್ ಬಿಡುತ್ತಿರುವ ನೀವು ಎಲ್ಲವನ್ನೂ ಆಫ್ ಮಾಡಿಬಿಡಿ. ವಾಚ್ ಕಟ್ಟುವುದನ್ನು ಮುಂದುವರಿಸುವವರು Steps ಒಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಆಫ್ ಮಾಡಬಹುದು. ಹೆಜ್ಜೆ ಲೆಕ್ಕ ಅದರಿಂದ ನಿಲ್ಲುವುದಿಲ್ಲ. ಋತುಚಕ್ರದ ಮಾಹಿತಿ ದಾಖಲಿಸುವ ಹೆಣ್ಣುಮಕ್ಕಳು ಆ ಸಾಲನ್ನು ಪ್ರತಿಯೊಂದು ಆ್ಯಪ್‌ನ ಎದುರೂ ತೆರೆದು ನೋಡುವುದು ಒಳ್ಳೆಯದು.

ಇದೇ ಜಾಗದಲ್ಲಿ ಇನ್ನೆರಡು ಅನುಮತಿಗಳಿವೆ, ಸುಲಭವಾಗಿ ಕಣ್ತಪ್ಪುವಂಥವು. ಸಾಮಾನ್ಯವಾಗಿ ಒಂದು ಆ್ಯಪ್ ಅನುಮತಿ ಸಿಕ್ಕ ದಿನಕ್ಕಿಂತ 30 ದಿನ ಹಿಂದಿನವರೆಗಿನ ದಾಖಲೆಗಳನ್ನು ಮಾತ್ರ ಓದಬಹುದು. ಅದಕ್ಕೂ ಹಳೆಯದನ್ನು ಓದಲು ಬೇರೆ ಅನುಮತಿ ಬೇಕು, ಆ್ಯಪ್ ತೆರೆಯದೆ ಇದ್ದಾಗ ಹಿನ್ನೆಲೆಯಲ್ಲಿ ಓದುವುದಕ್ಕೂ ಬೇರೆ ಅನುಮತಿ ಬೇಕು. ಹೆಜ್ಜೆಯ ಅನುಮತಿ ಉಳಿಸಿಕೊಳ್ಳುವವರೂ ಹಳೆಯ ದಾಖಲೆಯ ಅನುಮತಿಯನ್ನು ಆಫ್ ಮಾಡಬಹುದು. ವ್ಯಾಯಾಮದ ಮಾರ್ಗ, ಅಂದರೆ ಓಡಿದ ಅಥವಾ ನಡೆದ ದಾರಿಯ ನಕ್ಷೆ, ಕೂಡ ಪ್ರತ್ಯೇಕ ಅನುಮತಿಯೇ. ಅದರ ಆರಂಭ ಬಿಂದು ಬಹುತೇಕ ನಿಮ್ಮ ಮನೆಯ ಗೇಟು.

ಅನುಮತಿಗಳನ್ನು ಆಫ್ ಮಾಡಿದ್ದು ಫಲಿಸಿತೇ ಎಂದು ತಿಳಿಯಲು ಹೆಲ್ತ್ ಕನೆಕ್ಟ್‌ನ Recent access ನೋಡಿ. ಯಾವ ಆ್ಯಪ್ ಇತ್ತೀಚೆಗೆ ಮಾಹಿತಿ ಓದಿತು, ಯಾವುದು ಬರೆಯಿತು ಎಂಬುದು ಅಲ್ಲಿ ಸಮಯ ಸಹಿತ ಇರುತ್ತದೆ. ಎರಡು ದಿನ ಬಿಟ್ಟು ನೋಡಿದಾಗ ವಿಮಾ ಆ್ಯಪ್‌ನ ಹೆಸರು ಹೊಸದಾಗಿ ಬಂದಿರಬಾರದು.

ಆದರೆ ಎಲ್ಲ ಸಂಪರ್ಕಗಳೂ ಹೆಲ್ತ್ ಕನೆಕ್ಟ್ ಮೂಲಕವೇ ಹೋಗುವುದಿಲ್ಲ. ಕೆಲವು ಸೇವೆಗಳು ಸರ್ವರ್‌ನಿಂದ ಸರ್ವರ್‌ಗೆ ನೇರವಾಗಿ ಮಾತಾಡಿಕೊಳ್ಳುತ್ತವೆ, ಮೊಬೈಲ್‌ನಲ್ಲಿ ಅನುಮತಿ ಆಫ್ ಮಾಡಿದರೆ ಅವುಗಳಿಗೆ ಏನೂ ಆಗುವುದಿಲ್ಲ. ಸ್ಯಾಮ್‌ಸಂಗ್ ಹೆಲ್ತ್‌ನ ಸೆಟ್ಟಿಂಗ್ಸ್‌ನಲ್ಲಿ Connected services ಇದ್ದು ಅದರಲ್ಲಿ ಸ್ಟ್ರಾವಾ ಕಂಡರೆ ಅಲ್ಲಿಯೇ ಕಡಿಯಿರಿ. ಸ್ಟ್ರಾವಾದ ಸೆಟ್ಟಿಂಗ್ಸ್‌ನಲ್ಲೂ ಜೋಡಿಸಿದ ಆ್ಯಪ್‌ಗಳ ಪಟ್ಟಿ ಇರುತ್ತದೆ, ಎರಡೂ ತುದಿ ನೋಡುವುದು ಕ್ಷೇಮ. ಗೂಗಲ್ ಖಾತೆಯ ಮೂಲಕ ಜೋಡಿಸಿದ್ದವು myaccount.google.com/connections ಪುಟದಲ್ಲಿ ಸಿಗುತ್ತವೆ.

ಇಷ್ಟಾದ ಮೇಲೆ, ಅಳಿಸುವ ಮೊದಲು, ನಿಮಗೊಂದು ಪ್ರತಿ ಬೇಕೇ ಎಂದು ಯೋಚಿಸಿ. ಒಂದೂವರೆ ವರ್ಷದ ವಿಶ್ರಾಂತಿಯ ಹೃದಯ ಬಡಿತ ಮುಂದೊಂದು ದಿನ ವೈದ್ಯರಿಗೆ ಉಪಯೋಗಕ್ಕೆ ಬರಬಹುದು. ಬೇಕಿದ್ದರೆ ವಾಚನ್ನು ಕೊನೆಯ ಸಲ ಸಿಂಕ್ ಮಾಡಿ, ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ Download personal data ಒತ್ತಿ. ಮೊಬೈಲ್‌ನ ಡೌನ್‌ಲೋಡ್ ಫೋಲ್ಡರ್‌ನಲ್ಲಿ ಸಿಎಸ್‌ವಿ ಕಡತಗಳು ಬಂದು ಕೂರುತ್ತವೆ. ಇವಕ್ಕೆ ಬೀಗವಿಲ್ಲ, ಯಾವ ಸ್ಪ್ರೆಡ್‌ಶೀಟ್ ಆ್ಯಪ್‌ನಲ್ಲಾದರೂ ತೆರೆದು ಓದಬಹುದು. ಪೆನ್‌ಡ್ರೈವ್‌ಗೋ ಕಂಪ್ಯೂಟರಿಗೋ ಹಾಕಿಕೊಂಡು ಮೊಬೈಲ್‌ನಲ್ಲಿರುವುದನ್ನು ಅಳಿಸಿ. ಇಲ್ಲವಾದರೆ ಐದಿದ್ದ ಜಾಗಗಳ ಪಟ್ಟಿಗೆ ಆರನೆಯದನ್ನು ನೀವೇ ಸೇರಿಸಿದಂತಾಯಿತು.

ಈಗ ವಾಚ್. ಆ್ಯಪ್‌ನಲ್ಲಿ ಅಳಿಸುವ ಮೊದಲೇ ಅದನ್ನು ರೀಸೆಟ್ ಮಾಡಿ: ವಾಚ್‌ನ Settings, General, Reset. ಆ್ಯಪ್‌ನಲ್ಲಿ ಅಳಿಸುವಾಗ ವಾಚ್ ಇನ್ನೂ ಜೋಡಣೆಯಲ್ಲಿದ್ದು ಕೈಯಲ್ಲೂ ಇದ್ದರೆ, ಅಳಿಸಿದ ಮರುಕ್ಷಣದಿಂದ ಹೊಸ ಅಳತೆಗಳು ಬಂದು ಸೇರತೊಡಗುತ್ತವೆ, ಅಳಿಯಿತೋ ಇಲ್ಲವೋ ಎಂದು ಗೊತ್ತಾಗುವುದೇ ಇಲ್ಲ. ರೀಸೆಟ್ ಆದ ವಾಚ್ ತಂಗಿಯ ಮಗನ ಖಾತೆಗೆ ಹೊಸದರಂತೆ ಜೋಡಣೆಯಾಗುತ್ತದೆ.

ಆನಂತರ ಸ್ಯಾಮ್‌ಸಂಗ್ ಹೆಲ್ತ್‌ನ ಸೆಟ್ಟಿಂಗ್ಸ್‌ನಲ್ಲಿ Erase personal data. ಖಾತೆಯ ಗುರುತು ಖಚಿತಪಡಿಸಿಕೊಂಡ ಮೇಲೆ ಆ್ಯಪ್‌ನಲ್ಲಿರುವುದನ್ನೂ ಖಾತೆಗೆ ಸಿಂಕ್ ಆದದ್ದನ್ನೂ ಇದು ಅಳಿಸುತ್ತದೆ. ಆ್ಯಪ್ ತೆಗೆಯುವ ಮೊದಲೇ ನೀವು ಒತ್ತಬೇಕಿದ್ದ ಗುಂಡಿ ಇದು.

ಮತ್ತೆ ಹೆಲ್ತ್ ಕನೆಕ್ಟ್‌ಗೆ ಬನ್ನಿ. ಸ್ಯಾಮ್‌ಸಂಗ್ ಹೆಲ್ತ್ ಅಲ್ಲಿ ಬರೆದಿಟ್ಟ ದಾಖಲೆಗಳು ಆ್ಯಪ್ ತೆಗೆದ ಮೇಲೂ ಉಳಿಯಬಹುದು. Data and access ತೆರೆದರೆ ಬಗೆಬಗೆಯ ದಾಖಲೆಗಳು ಕಾಣುತ್ತವೆ; ಒಂದೊಂದಾಗಿಯೂ ಅಳಿಸಬಹುದು, ಎಲ್ಲವನ್ನೂ ಒಟ್ಟಿಗೆ ಅಳಿಸಬಹುದು. ವಾಚ್ ಮುಂದುವರಿಸುವವರಿಗೆ ಇಲ್ಲಿ Auto-delete ಎಂಬ ಆಯ್ಕೆಯಿದೆ: 3 ತಿಂಗಳು ಅಥವಾ 18 ತಿಂಗಳು ದಾಟಿದ್ದನ್ನು ತಾನೇ ತೆಗೆಯುತ್ತದೆ. ಆದರೆ ಅದು ಹೆಲ್ತ್ ಕನೆಕ್ಟ್‌ನೊಳಗಿನದನ್ನು ಮಾತ್ರ ತೆಗೆಯುತ್ತದೆ, ವಾಚ್‌ನ ಆ್ಯಪ್‌ನಲ್ಲಿರುವುದನ್ನು ಮುಟ್ಟುವುದಿಲ್ಲ.

ಸ್ಟ್ರಾವಾದಲ್ಲಿ ಓಟಗಳನ್ನು ಒಂದೊಂದಾಗಿ ಅಳಿಸಬೇಕು, ಬೇಡವೇ ಬೇಡ ಎನ್ನುವುದಾದರೆ ಖಾತೆಯನ್ನೇ ತೆಗೆಯಬೇಕು. ಖಾತೆ ಇಟ್ಟುಕೊಳ್ಳುವುದಾದರೆ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಚಟುವಟಿಕೆಗಳನ್ನು Only You ಮಾಡಿ, ನಕ್ಷೆಯಲ್ಲಿ ಮನೆಯ ಸುತ್ತಲ ಭಾಗ ಮರೆಯಾಗುವಂತೆ ಹೊಂದಿಸಿ. ಎಲ್ಲರ ಓಟಗಳನ್ನು ಒಟ್ಟುಗೂಡಿಸಿ ಮಾಡುವ ಸಾರ್ವಜನಿಕ ನಕ್ಷೆಯಿಂದ ಹೊರಗುಳಿಯಲೂ ಅಲ್ಲಿ ಬೇರೆ ಆಯ್ಕೆಯಿದೆ. ಹೆಸರಿಲ್ಲದ ಈ ನಕ್ಷೆಯಿಂದ ಏನು ತೊಂದರೆ ಎನ್ನುವವರಿಗೆ 2018ರ ಜನವರಿಯನ್ನು ನೆನಪಿಸಬೇಕು: ಅದರಲ್ಲಿ ಮರುಭೂಮಿಯ ನಡುವೆ ಬೆಳಗುತ್ತಿದ್ದ ಗೆರೆಗಳಿಂದ ಸೇನಾ ನೆಲೆಗಳ ಜಾಗ ಮತ್ತು ಯೋಧರು ಓಡುವ ದಾರಿ ಹೊರಬಿದ್ದಿತ್ತು.

ಈಗ ಆ್ಯಪ್ ತೆಗೆಯಬಹುದು. ನಂತರ ಪರೀಕ್ಷೆ: ಆ್ಯಪ್ ಮತ್ತೆ ಹಾಕಿ, ಅದೇ ಖಾತೆಯಿಂದ ಲಾಗಿನ್ ಆಗಿ, ಸಿಂಕ್ ಮುಗಿಯುವವರೆಗೆ ಕಾಯಿರಿ. ಖಾಲಿ ಪರದೆ ಬಂದರೆ ಸರ್ವರ್‌ನ ಪ್ರತಿ ನಿಮ್ಮ ಖಾತೆಯಿಂದ ಹೋಗಿದೆ. ನಿಮಗೆ ಆಕಸ್ಮಿಕವಾಗಿ ಆದ ಅನುಭವವೇ ನಂಬಬಹುದಾದ ಪರೀಕ್ಷೆ.

ಬೇರೆ ವಾಚ್ ಇರುವವರಿಗೆ ಎರಡು ಮಾತು. ಐಫೋನ್‌ನಲ್ಲಿ ಹೆಲ್ತ್ ಆ್ಯಪ್ ತೆರೆದು ಪ್ರೊಫೈಲ್ ಚಿತ್ರ ಒತ್ತಿದರೆ Privacy ಕೆಳಗೆ Apps ಸಿಗುತ್ತದೆ. ಅಲ್ಲಿ ಓದುವ ಅನುಮತಿ ಆಫ್ ಮಾಡಿದರೆ ನೀವು ನಿರಾಕರಿಸಿದಿರಿ ಎಂದು ಆ್ಯಪ್‌ಗೆ ತಿಳಿಯುವುದೂ ಇಲ್ಲ, ಮಾಹಿತಿಯೇ ಇಲ್ಲವೆಂದು ಅದಕ್ಕೆ ತೋರುತ್ತದೆ. ಎರಡು ಮೂರು ಸಾವಿರ ರೂಪಾಯಿಯ ವಾಚ್‌ಗಳ ಆ್ಯಪ್‌ಗಳಲ್ಲಿ ಇಷ್ಟೆಲ್ಲ ಮೆನು ಇರುವುದು ಅಪರೂಪ. ಆದರೆ ಖಾತೆ ತೆರೆಯಲು ಬಿಡುವ ಆ್ಯಪ್‌ಗಳು ಖಾತೆ ಅಳಿಸುವ ದಾರಿಯನ್ನೂ ಆ್ಯಪ್‌ನೊಳಗೆ ಮತ್ತು ವೆಬ್ ಕೊಂಡಿಯ ಮೂಲಕ ಕೊಡಬೇಕೆಂದು ಪ್ಲೇ ಸ್ಟೋರ್‌ನ ನಿಯಮವಿದೆ. ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪ್‌ನ ಪುಟದ Data safety ಭಾಗದಲ್ಲಿ ಹುಡುಕಿ.

ಉಳಿದದ್ದು ವಿಮಾ ಕಂಪನಿ. ಅನುಮತಿ ಆಫ್ ಮಾಡಿದ್ದರಿಂದ ಹೊಸದು ಹೋಗುವುದು ನಿಂತಿತೇ ಹೊರತು, ಇಲ್ಲಿಯವರೆಗೆ ಅವರ ಸರ್ವರ್ ಸೇರಿದ್ದು ಅಲ್ಲೇ ಇದೆ. ಅದನ್ನು ನಿಮ್ಮ ಮೊಬೈಲ್‌ನಿಂದ ಅಳಿಸಲು ಬರುವುದಿಲ್ಲ, ಕೇಳಬೇಕು. ಐಟಿ ಕಾಯ್ದೆಯ ಅಡಿಯ 2011ರ ನಿಯಮಗಳು ದೈಹಿಕ ಹಾಗೂ ಮಾನಸಿಕ ಆರೋಗ್ಯದ ಮಾಹಿತಿಯನ್ನು ಸೂಕ್ಷ್ಮ ವೈಯಕ್ತಿಕ ಮಾಹಿತಿ ಎಂದು ಪರಿಗಣಿಸುತ್ತವೆ. ಕೊಟ್ಟ ಒಪ್ಪಿಗೆಯನ್ನು ಬರಹದ ಮೂಲಕ ಹಿಂಪಡೆಯಬಹುದು, ಕಂಪನಿಯ ಕುಂದುಕೊರತೆ ಅಧಿಕಾರಿ ದೂರನ್ನು ಒಂದು ತಿಂಗಳೊಳಗೆ ಬಗೆಹರಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಳಿಸುವಂತೆ ಕೇಳುವ ಹಕ್ಕನ್ನೇ ಕೊಡುತ್ತದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಈ ಹಕ್ಕಿನ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು ಇಟ್ಟಿದ್ದಾರೆ.

ಪತ್ರ ಉದ್ದ ಬೇಡ. ಪಾಲಿಸಿ ಸಂಖ್ಯೆ, ಯಾವ ದಿನ ಅನುಮತಿ ಆಫ್ ಮಾಡಿದಿರಿ, ಒಪ್ಪಿಗೆ ಹಿಂಪಡೆದಿದ್ದೀರಿ ಎಂಬ ಸ್ಪಷ್ಟ ವಾಕ್ಯ, ಹೆಜ್ಜೆ, ಹೃದಯ ಬಡಿತ, ನಿದ್ದೆ, ತೂಕ ಎಂದು ಹೆಸರಿಸಿ ಅಳಿಸುವಂತೆ ಕೋರಿಕೆ, ಅಳಿಸಿದ ಮೇಲೆ ಬರಹದಲ್ಲಿ ತಿಳಿಸಿ ಎಂಬ ಮಾತು. ಕಂಪನಿಯ ಪ್ರೈವಸಿ ನೀತಿಯ ಪುಟದಲ್ಲಿ ಕುಂದುಕೊರತೆ ಅಧಿಕಾರಿಯ ಇಮೇಲ್ ವಿಳಾಸ ಇರಬೇಕು, ಅಲ್ಲಿಗೆ ಕಳುಹಿಸಿ. ಪಾಲಿಸಿ ಮತ್ತು ಕ್ಲೇಮಿಗೆ ಸಂಬಂಧಿಸಿದ ದಾಖಲೆಗಳನ್ನು ಕಾನೂನಿನ ಪ್ರಕಾರ ಇಟ್ಟುಕೊಳ್ಳಬೇಕು ಎಂಬ ಉತ್ತರ ಬರಬಹುದು, ಅದು ಸರಿಯೇ. ವಾಚ್‌ನ ಅಳತೆಗಳೂ ಅದರಲ್ಲಿ ಸೇರುತ್ತವೆಯೇ ಎಂದು ಮರುಪತ್ರದಲ್ಲಿ ಕೇಳಿ. ಈಗಾಗಲೇ ಪಡೆದ ರಿಯಾಯಿತಿಗೆ ಆಧಾರವಾದ ಹೆಜ್ಜೆಗಳ ಲೆಕ್ಕವನ್ನು ಅವರು ಬಿಡದಿರಬಹುದು. ನಿದ್ದೆ ಮತ್ತು ತೂಕಕ್ಕೆ ಅಂಥ ಕಾರಣ ಕೊಡುವುದು ಅವರಿಗೆ ಕಷ್ಟ.